ಅಕ್ಕಿಯ ಮೇಲಿನ ಹೆಸರು

ಮದುವೆಯ ದಿನ ವೈಭವ ಚೌಗುಲೆ ನಾಲ್ಕು ಜನರ ಎದುರು ಮಾತು ಕೊಟ್ಟಿದ್ದ. ಗಂಡಿನ ಮನೆ ಚಿಕ್ಕದು, ಜನ ಹಿಡಿಸುವುದಿಲ್ಲ ಎಂದು ಸೊಸೆಗೆ ಹೊಸ ಹೆಸರಿಡುವ ಲಕ್ಷ್ಮೀಪೂಜೆಯನ್ನೂ ಜಯಸಿಂಗಪುರದ ಕಲ್ಯಾಣಮಂಟಪದಲ್ಲೇ ಮುಗಿಸಿಬಿಟ್ಟಿದ್ದರು. ತಾಮ್ರದ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅವನು ಬಂಗಾರದ ಉಂಗುರ ಹಿಡಿದು ‘ವೈದೇಹಿ’ ಎಂದು ಬರೆದ. ಸುತ್ತ ನಿಂತ ಹೆಂಗಸರು ಚಪ್ಪಾಳೆ ತಟ್ಟಿದರು. ಅಲ್ಲಿಯವರೆಗೆ ಸ್ನೇಹಲ ಆಗಿದ್ದ ಹುಡುಗಿ ತಟ್ಟೆಯನ್ನೇ ನೋಡುತ್ತ ಕುಳಿತಿದ್ದಳು. ಆಗ ಅವನು ಎದ್ದು ಬಂದು ಅತ್ತೆ ಮಂದಾಕಿನಿಯ ಕಾಲಿಗೆ ಬಿದ್ದು ಹೇಳಿದ್ದ:

“ಆಯಿ, ನಿಮ್ಮ ಮಗಳನ್ನ ನರ್ಸ್ ಮಾಡಿ ತೋರಸ್ತೇನಿ. ಇದು ನನ್ನ ಮಾತು.”

ಮಂದಾಕಿನಿಗೆ ಅಂದು ಕಣ್ಣು ತುಂಬಿ ಬಂದಿತ್ತು. ಮಿರಜಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅವಳು ವಾರ್ಡಿನ ಮಾವಶಿ, ಅಂದರೆ ಆಯಾ. ಬೆಡ್‌ಪ್ಯಾನ್ ಎತ್ತುವುದು, ಹಾಸಿಗೆಯ ಬಟ್ಟೆ ಬದಲಿಸುವುದು, ರಕ್ತ ಬಿದ್ದ ನೆಲ ಒರೆಸುವುದು. ಗಂಡ ಹೋದ ಮೇಲೆ ಆ ಕೆಲಸದಲ್ಲೇ ಮಗಳನ್ನು ಹನ್ನೆರಡನೆಯ ತರಗತಿಯವರೆಗೆ ಓದಿಸಿದ್ದಳು. ಬಿಳಿ ಬಟ್ಟೆಯ ಸಿಸ್ಟರುಗಳು “ಮಾವಶೀ, ಇಲ್ಲೆ ಸ್ವಲ್ಪ ಒರಸ್ರಿ” ಎಂದು ಕರೆದಾಗಲೆಲ್ಲ ಅವಳಿಗೆ ಒಂದೇ ಆಸೆ: ಹಾಗೆ ಕರೆಯುವವಳು ತನ್ನ ಮಗಳಾಗಬೇಕು. ಅಳಿಯ ಅದೇ ಆಸೆಯನ್ನು ಕೈಯಲ್ಲಿ ಹಿಡಿದು ಬಂದಂತೆ ಕಂಡಿತ್ತು.

ಅದಾಗಿ ನಾಲ್ಕು ವರ್ಷ ಕಳೆದವು. ವೈಭವ ಒಂದು ಸಲವೂ ‘ಓದಿಸುವುದಿಲ್ಲ’ ಎನ್ನಲಿಲ್ಲ. ಮೊದಲ ವರ್ಷ ಅವನ ತಾಯಿಯ ಮೊಣಕಾಲಿನ ಆಪರೇಷನ್ ಬಂತು. ಎರಡನೆಯ ವರ್ಷ ಕೂಸು ಬಂತು. ಮೂರನೆಯ ವರ್ಷ, “ಅರ್ಜಿ ಹಾಕೇನಲ್ಲ ಆಯಿ, ಲಿಸ್ಟಿನಾಗ ಹೆಸರು ಬರಲಿಲ್ಲ” ಎಂದ. ಅರ್ಜಿಯನ್ನು ಅವನು ಹಾಕಿಯೇ ಇರಲಿಲ್ಲ ಎಂಬುದು ಮಂದಾಕಿನಿಗೆ ಗೊತ್ತಾದದ್ದು ನಾಲ್ಕನೆಯ ವರ್ಷ. ಮಗಳು ಪಂಚಮಿಗೆ ತವರಿಗೆ ಬಂದವಳು, ಒಂದು ಟ್ರಸ್ಟಿನ ನರ್ಸಿಂಗ್ ಶಾಲೆಗೆ ಗುಟ್ಟಾಗಿ ತಾನೇ ಅರ್ಜಿ ಹಾಕಿದ್ದಾಗಿ ಹೇಳಿದಳು. ಸೀಟು ಬಂದಿತ್ತು. ಶನಿವಾರದೊಳಗೆ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಅಂಕಪಟ್ಟಿಗಳನ್ನು ಸರ್ಕಾರದ ಡಿಜಿಲಾಕರಿನಿಂದ ಶಾಲೆಗೆ ಕಳಿಸಬೇಕು, ತಪ್ಪಿದರೆ ಸೀಟು ಮುಂದಿನವರಿಗೆ.

“ಕಳಸೋದು ಭಾಳ ಸುಲಭ ಆಯಿ. ಶಾಲೆಯವರ ಪುಟದಾಗ ಲಾಕರಿನ ಗುಂಡಿ ಐತಿ. ಒತ್ತಿದ್ರ ಲಾಕರ್ ತೆರೀತೈತಿ. ‘ಕೊಡಲೇನು?’ ಅಂತ ಕೇಳ್ತೈತಿ, ‘ಹೂಂ’ ಅಂದ್ರ ಅಂಕಪಟ್ಟಿ ಸೀದಾ ಅಲ್ಲಿಗೆ ಹೋಗತೈತಿ,” ಎಂದಳು ಮಗಳು.

“ಮತ್ತ ಒತ್ತು. ಯಾಕ ಕುಂತೀ?”

ಸ್ನೇಹಲ ಮಗುವಿನ ಮೂಗು ಒರೆಸಿದಳು. ನಿಧಾನಕ್ಕೆ ಬಾಯಿಬಿಟ್ಟಳು. ಲಾಕರ್ ಅವಳದೇ, ಬೀಗ ಅವಳದಲ್ಲ. ಮದುವೆಯಾದ ತಿಂಗಳಲ್ಲೇ ವೈಭವ ಅವಳ ಆಧಾರಿಗೆ ತನ್ನ ಮೊಬೈಲ್ ನಂಬರು ಕಟ್ಟಿಸಿ, ಲಾಕರ್ ತೆರೆದು, ಆರಂಕಿಯ ಪಿನ್ನನ್ನೂ ತಾನೇ ಇಟ್ಟಿದ್ದ. ‘ನಿನಗ ನೆನಪ ಉಳಿಯೂದಿಲ್ಲ’ ಎಂದಿದ್ದ. ಹನ್ನೆರಡನೆಯ ತರಗತಿಯ ವಿಜ್ಞಾನದಲ್ಲಿ ಎಪ್ಪತ್ತೆಂಟು ಪರ್ಸೆಂಟು ತೆಗೆದವಳಿಗೆ ಆರು ಅಂಕಿ ನೆನಪು ಉಳಿಯುವುದಿಲ್ಲ!

ಇದರಲ್ಲಿ ಇನ್ನೊಂದು ಚೋದ್ಯವಿತ್ತು. ಊರಿನಲ್ಲಿ ವೈಭವನ ಕಸುಬೇ ಇದು. ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಆನ್‌ಲೈನ್ ಸೇವೆಯ ಅಂಗಡಿ. ಅರ್ಧ ಊರಿನ ಆಧಾರ್, ಪಡಿತರ, ಮಕ್ಕಳ ಅಂಕಪಟ್ಟಿಗಳನ್ನು ಲಾಕರಿಗೆ ಹಾಕಿಕೊಟ್ಟವನು ಅವನೇ. ‘ವೈಭವಣ್ಣ ಇದ್ದರೆ ಕಾಗದದ ಚಿಂತೆ ಇಲ್ಲ’ ಎಂದು ಜನ ಹೊಗಳುತ್ತಿದ್ದರು. ಹೊಗಳಿಕೆ ಕೇಳಿ ಮಂದಾಕಿನಿಯೂ ಎಷ್ಟೋ ಸಲ ಉಬ್ಬಿದ್ದಳು.

ಅವಳೇ ಅಳಿಯನಿಗೆ ಫೋನು ಮಾಡಿದಳು. ಸೀಟಿನ ವಿಷಯ ಮುಚ್ಚಿಡಲಿಲ್ಲ. ಅವನು ಸಿಟ್ಟಾಗಬಹುದು ಎಂದುಕೊಂಡಿದ್ದಳು. ಅವನು ಸಿಟ್ಟಾಗಲಿಲ್ಲ. ಬಾಯಿಂದ ಬೆಲ್ಲವೇ ಸುರಿಯಿತು. ಎಂಥ ಸಂತೋಷದ ಸುದ್ದಿ, ತನಗೆ ಒಂದು ಮಾತು ಹೇಳಿದ್ದರೆ ತಾನೇ ಅರ್ಜಿ ತುಂಬುತ್ತಿದ್ದೆನಲ್ಲ ಎಂದ. ಪಿನ್ ಹೇಳಿದ, ಅದು ಅವನ ಮೋಟರ್‌ಸೈಕಲಿನ ನಾಲ್ಕಂಕಿಯ ನಂಬರನ್ನು ಒಮ್ಮೆ ಪೂರ್ತಿ, ಒಮ್ಮೆ ಅರ್ಧ ಬರೆದದ್ದು. ಪಿನ್ ಹಾಕಿದ ಮೇಲೆ ಅವನ ಫೋನಿಗೆ ಓಟಿಪಿ ಹೋಯಿತು. ಅದನ್ನು ಹೇಳು ಎಂದರೆ, ಗಿರಾಕಿ ಬಂದಾರ, ಒಂದು ನಿಮಿಷ ಎಂದು ಫೋನು ಇಟ್ಟ. ಅವನು ತಿರುಗಿ ಮಾಡುವಷ್ಟರಲ್ಲಿ ಆ ಓಟಿಪಿಯ ಅವಧಿ ಮುಗಿದಿತ್ತು. ಎರಡನೆಯ ಸಲ ಹೇಳಿದ. ಒಂದು ಅಂಕಿ ತಪ್ಪು. ಮೂರನೆಯ ಸಲಕ್ಕೆ ಗಾಡಿಯ ಮೇಲೆ ಇದ್ದೆ, ಕೇಳಿಸಲಿಲ್ಲ ಎಂದ. ಹೀಗೆ ಮಂಗಳವಾರ ಹೋಯಿತು. ಬುಧವಾರ ಸಂಜೆ ತಾನೇ ಫೋನು ಮಾಡಿ, “ಹಾಂ ಆಯಿ, ಬರಕೋರಿ,” ಎಂದು ಒಂದೊಂದೇ ಅಂಕಿಯನ್ನು ಮಗುವಿಗೆ ತುತ್ತು ಕೊಡುವಂತೆ ಹೇಳಿದ.

ಲಾಕರ್ ತೆರೆಯಿತು. ಒಳಗೆ ಇದ್ದದ್ದು ಆಧಾರ್ ಒಂದೇ. ಫೋಟೊ ಸ್ನೇಹಲಳದು, ಹೆಸರು ‘ವೈದೇಹಿ ವೈಭವ ಚೌಗುಲೆ’. ಅಂಕಪಟ್ಟಿಗಳನ್ನು ಶಿಕ್ಷಣ ಮಂಡಳಿಯಿಂದ ತರಿಸಿಕೊಳ್ಳಬೇಕಿತ್ತು. ಸ್ನೇಹಲ ಮಂಡಳಿಯನ್ನು ಆರಿಸಿ, ಪರೀಕ್ಷೆಯ ವರ್ಷ, ಸೀಟ್ ನಂಬರು ಹಾಕಿದಳು. ಹೆಸರಿನ ಜಾಗವನ್ನು ಲಾಕರ್ ಆಧಾರಿನಿಂದ ತಾನೇ ತುಂಬಿಕೊಂಡಿತ್ತು, ತಿದ್ದಲು ಬಿಡುವುದಿಲ್ಲ. ಗುಂಡಿ ಒತ್ತಿದಳು. ಚಕ್ರ ತಿರುಗಿತು. ಆಧಾರಿನಲ್ಲಿರುವ ಹೆಸರು ಮಂಡಳಿಯ ದಾಖಲೆಯ ಹೆಸರಿಗೆ ಹೊಂದುತ್ತಿಲ್ಲ ಎಂದು ತೋರಿಸಿ ನಿಂತಿತು.

ಮಂಡಳಿಯ ದಾಖಲೆಯಲ್ಲಿ ಇದ್ದವಳು ಸ್ನೇಹಲ ದತ್ತಾತ್ರೇಯ ಖೋತ.

ವೈಭವ ಇನ್ನೂ ಫೋನಿನಲ್ಲೇ ಇದ್ದ. ಅವನು ಇದಕ್ಕಾಗಿಯೇ ಕಾಯುತ್ತಿದ್ದ.

“ಬರಲಿಲ್ಲ ಅಲ್ಲ?” ಎಂದ. “ಬರೂದಿಲ್ಲ ಆಯಿ. ವೈದೇಹಿ ಚೌಗುಲೆ ಅನ್ನಾಕಿ ಹತ್ತನೇತ್ತೆ ಎಲ್ಲೆ ಓದ್ಯಾಳ?” ಎಂದು ನಕ್ಕ. ನಗು ದೊಡ್ಡದೇನೂ ಅಲ್ಲ. ಹಲ್ಲಿನ ಸಂದಿಯಿಂದ ಮೀನಿನ ಮುಳ್ಳು ತೆಗೆಯುವಾಗ ಬರುವ ಸದ್ದಿನಂಥದ್ದು.

ಮಂದಾಕಿನಿ ದಿನವಿಡೀ ಕೀವು, ವಾಂತಿ, ಮಲ ನೋಡುವವಳು. ಅವಕ್ಕೆ ಅವಳು ಮುಖ ಸಿಂಡರಿಸಿದವಳಲ್ಲ. ಅವು ದೇಹದ ಕಷ್ಟಗಳು, ನೀರು ಹಾಕಿದರೆ ಹೋಗುತ್ತವೆ. ಆದರೆ ಆ ನಗು ಕೇಳಿದಾಗ ಅವಳಿಗೆ ನಿಜಕ್ಕೂ ಓಕರಿಕೆ ಬಂತು. ಎರಡು ದಿನ ಓಟಿಪಿಯ ಆಟ ಆಡಿದ್ದು ಯಾಕೆ? ಬಾಗಿಲು ತೆರೆದರೂ ಒಳಗೆ ಗೋಡೆ ಇದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಆ ಗೋಡೆ ಕಟ್ಟಿದವನೇ ಅವನು. ಮದುವೆಯಾದ ಮೇಲೆ ಪಡಿತರಕ್ಕೆ, ಬ್ಯಾಂಕಿಗೆ ಬೇಕು ಎಂದು ಸರ್ಕಾರದ ಗೆಜೆಟ್ ಆದ ರಾಜ್ಯಪತ್ರದಲ್ಲಿ ಹೆಸರು ಬದಲಾವಣೆ ಪ್ರಕಟಿಸಿ, ಅದನ್ನು ತೋರಿಸಿ ಆಧಾರಿನಲ್ಲಿ ತಿದ್ದಿಸಿದ್ದ. ಅಕ್ಕಿಯ ಮೇಲೆ ಬರೆದ ಹೆಸರು ಬಹಳ ಮನೆಗಳಲ್ಲಿ ಮರುದಿನದ ಅನ್ನದೊಂದಿಗೆ ಹೋಗುತ್ತದೆ. ಅತ್ತೆ ಹಬ್ಬಕ್ಕೊಮ್ಮೆ ಆ ಹೆಸರಿನಲ್ಲಿ ಕರೆದರೆ ಕರೆದಳು. ಮಂದಾಕಿನಿಯೂ ಹುಟ್ಟಿದಾಗ ಮಂದಾಕಿನಿ ಆಗಿರಲಿಲ್ಲ, ಅವಳ ತವರಿನಲ್ಲಿ ಅವಳು ಕೃಷ್ಣಾಬಾಯಿ. ಅದು ಅವಳಿಗೆ ಒಂದು ದಿನವೂ ನೋವು ಕೊಟ್ಟಿರಲಿಲ್ಲ, ಯಾಕೆಂದರೆ ಕೃಷ್ಣಾಬಾಯಿಯ ಬಳಿ ಯಾವ ಅಂಕಪಟ್ಟಿಯೂ ಇರಲಿಲ್ಲ.

ಗುರುವಾರ ತಾಯಿ ಮಗಳು ನರ್ಸಿಂಗ್ ಶಾಲೆಗೆ ಹೋದರು. ಕಚೇರಿಯ ಗುಮಾಸ್ತೆ ಕನ್ನಡಕದ ಹೆಂಗಸು, ಒಳ್ಳೆಯವಳೇ. ಅಂಕಪಟ್ಟಿಯ ಫೋಟೊ ತೆಗೆದು ಲಾಕರಿಗೆ ತಾನೇ ಹಾಕಿ ಕಳಿಸಬಹುದೇ ಎಂದು ಸ್ನೇಹಲ ಕೇಳಿದಳು. ಆಗುವುದಿಲ್ಲ ಎಂದಳು ಗುಮಾಸ್ತೆ. ನಾವು ಹಾಕಿದ್ದು ಬೇರೆ, ಮಂಡಳಿಯೇ ಲಾಕರಿಗೆ ಕೊಟ್ಟಿದ್ದು ಬೇರೆ. ಮಂಡಳಿ ಕೊಟ್ಟಿದ್ದಕ್ಕೆ ಮಾತ್ರ ಮೂಲಪ್ರತಿಯ ಬೆಲೆ. ಹೋದ ವರ್ಷ ಇಬ್ಬರು ಖೊಟ್ಟಿ ಅಂಕಪಟ್ಟಿ ಕೊಟ್ಟು ಸೇರಿದ್ದರಂತೆ, ಅಂದಿನಿಂದ ಈ ನಿಯಮ. ಆಮೇಲೆ ಮಗುವನ್ನು ಸೊಂಟದಲ್ಲಿ ಹೊತ್ತು ನಿಂತ ಸ್ನೇಹಲಳನ್ನು ನೋಡಿ ದನಿ ಇಳಿಸಿದಳು. ಇಂಥ ಹೆಸರಿನ ತಕರಾರು ಮದುವೆಯಾದ ಹುಡುಗಿಯರದು ವರ್ಷಕ್ಕೆ ನಾಲ್ಕಾದರೂ ಬರುತ್ತದೆ, ಪ್ರಿನ್ಸಿಪಾಲರು ಒಂದು ದಾರಿ ಇಟ್ಟಿದ್ದಾರೆ. ಕಾಗದದ ಮೂಲ ಅಂಕಪಟ್ಟಿ ಎರಡೂ, ಹೆಸರು ಬದಲಾದ ರಾಜ್ಯಪತ್ರದ ಪ್ರತಿ. ಎರಡನ್ನೂ ಎದುರಿಗೆ ಇಟ್ಟರೆ ಅವರೇ ನೋಡಿ ಒಪ್ಪುತ್ತಾರೆ.

“ರಾಜ್ಯಪತ್ರ ಸರ್ಕಾರದ ವೆಬ್‌ಸೈಟಿನಾಗ ಸಿಗತೈತಿ. ಮೂಲಪ್ರತಿ ಎಲ್ಲೆ ಅದಾವ?” ಎಂದು ಕೇಳಿದಳು.

ಮೂಲಪ್ರತಿಗಳು ವೈಭವನ ಅಂಗಡಿಯಲ್ಲಿದ್ದವು.

ಶುಕ್ರವಾರ ಬೆಳಗಿನ ಪಾಳಿಯನ್ನು ಇನ್ನೊಬ್ಬ ಮಾವಶಿಗೆ ಬಿಟ್ಟುಕೊಟ್ಟು ಮಂದಾಕಿನಿ ಒಬ್ಬಳೇ ಎಸ್‌ಟಿ ಬಸ್ಸು ಹತ್ತಿದಳು. ಮಗಳನ್ನು ಕರೆದೊಯ್ಯಲಿಲ್ಲ. ಹೋದರೆ ಅವಳ ಅತ್ತೆ ಮೊಣಕಾಲು ಹಿಡಿದು ಅಳುತ್ತಾಳೆ, ಕೂಸನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ, ಶನಿವಾರ ಅಲ್ಲೇ ಮುಗಿಯುತ್ತದೆ.

ಅಂಗಡಿಯಲ್ಲಿ ಆರೇಳು ಜನ. ವಿಮೆಯ ದುಡ್ಡಿನ ವಿಚಾರಣೆಗೆ ಬಂದ ಒಬ್ಬ ರೈತ, ಸ್ಕಾಲರ್‌ಶಿಪ್ಪಿನ ಅರ್ಜಿ ಹಿಡಿದ ಕಾಲೇಜಿನ ಹುಡುಗಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಎಲೆಯಡಿಕೆ ಜಗಿಯುತ್ತ ಕುಳಿತ ಮುದುಕಿ ಹೌಸಾಬಾಯಿ. ವೈಭವ ಪಾಸ್‌ಪೋರ್ಟ್ ಸೈಜಿನ ಫೋಟೊಗಳನ್ನು ಬ್ಲೇಡಿನಿಂದ ಕತ್ತರಿಸುತ್ತಿದ್ದ. ಅತ್ತೆಯನ್ನು ಕಂಡದ್ದೇ ಎದ್ದು ನಿಂತ. ಎಲ್ಲರ ಎದುರು ಬಗ್ಗಿ ಕಾಲು ಮುಟ್ಟಿದ. ಚಹಾ ತರಿಸಲು ಪಕ್ಕದ ಹೋಟೆಲಿಗೆ ಕೂಗಿ ಹೇಳಿದ. ನಮ್ಮ ಮನೆಯಾಕಿಗೆ ನರ್ಸಿಂಗ್ ಸೀಟು ಬಂದೈತಿ ಎಂದು ರೈತನಿಗೆ ತಾನೇ ಹೇಳಿ ಹಲ್ಲು ಕಿರಿದ. ರೈತ, “ವಾ, ಪುಣ್ಯವಂತ್ರು ನೀವು ತಾಯಿ,” ಎಂದ.

ಮಂದಾಕಿನಿ ಚಹಾ ಮುಟ್ಟಲಿಲ್ಲ. ಅಂಕಪಟ್ಟಿಗಳನ್ನು ಕೊಡು ಎಂದಳು.

“ಯಾವ ಕಾಲದಾಗ ಅದೀರಿ ಆಯಿ,” ಎಂದ ವೈಭವ, ಗಿರಾಕಿಗಳ ಕಡೆ ಕಣ್ಣು ಹೊಡೆಯುತ್ತ. “ಈಗ ಕಾಗದ ಯಾರು ಇಟಗೋತಾರ? ಎಲ್ಲಾ ಲಾಕರಿನಾಗ. ಕಳಿಯೂದಿಲ್ಲ, ಹರಿಯೂದಿಲ್ಲ, ತೊಯ್ಯೂದಿಲ್ಲ. ಹೌಸಾ ಅಜ್ಜಿ, ನಿಂದೂ ಅಲ್ಲೇ ಐತಿ ಹೌದಲ್ಲ?”

“ಐತೆಪಾ. ನೀನ ಇಟ್ಟೀಯಲ್ಲ,” ಎಂದಳು ಮುದುಕಿ.

“ಸ್ನೇಹಲಳ ಅಂಕಪಟ್ಟಿ ಲಾಕರಿನಾಗ ಇಲ್ಲ,” ಎಂದಳು ಮಂದಾಕಿನಿ.

“ಬರತಾವ ಆಯಿ. ಹೆಸರು ತಿದ್ದಿಸಿದ್ರ ಬರತಾವ. ಮತ್ತ ರಾಜ್ಯಪತ್ರ ಮಾಡಸೂಣು, ಮತ್ತ ಆಧಾರ ಮಾಡಸೂಣು. ಒಂದೆರಡ ತಿಂಗಳ ಕೆಲಸ. ಮುಂದಿನ ವರ್ಷ ಆರಾಮ ಸೇರ್ಲಿ.” ಆಮೇಲೆ, ಏನೋ ಅನುಗ್ರಹ ಮಾಡುವವನಂತೆ ಹೇಳಿದ, “ಹಳೇ ಹೆಸರು ತಿರಿಗಿ ಹಚಗೊಂಡ್ರ ನಮ್ಮವ್ವಗ ಬ್ಯಾಸರ ಆಗತೈತಿ ಖರೆ. ನಾ ಸಮಾಧಾನ ಮಾಡತೇನಿ.”

ಎಷ್ಟು ನಯ! ನಾಲ್ಕು ವರ್ಷ ಹೀಗೆಯೇ. ಬಾಗಿಲು ಹಾಕಿ, ಹಾಕಿದ ಬಾಗಿಲ ಹಿಂದೆ ನಿಂತು ‘ಬರ್ರಿ ಬರ್ರಿ’ ಎನ್ನುವ ಮನುಷ್ಯ. ಮಂದಾಕಿನಿಗೆ ಅವನ ಪೌಡರ್ ಹಾಕಿದ ಕುತ್ತಿಗೆ, ಹಣೆಯ ಮೇಲಿನ ಗಂಧ, ಕಾಲು ಮುಟ್ಟಿದ ಆ ಬೆರಳು ಎಲ್ಲವೂ ಹೇಸಿಗೆ ಎನಿಸಿದವು. ಅವನು ಮುಟ್ಟಿದ ಜಾಗವನ್ನು ಸೀರೆಯ ಅಂಚಿನಿಂದ ಒರೆಸಿಕೊಳ್ಳಬೇಕು ಎನಿಸಿತು. ಅವಳು ಜಗಳದ ಹೆಂಗಸಲ್ಲ, ಜಗಳಕ್ಕೆ ಬೇಕಾದ ಉಸಿರೂ ಉಳಿದಿರಲಿಲ್ಲ. ಕೇಳಬೇಕಾದದ್ದನ್ನು ಕೇಳಿದಳು, ಅಷ್ಟೇ. ದನಿಯನ್ನೂ ಏರಿಸಲಿಲ್ಲ.

“ನನ್ನ ಮಗಳ ಲಾಕರಿನ ಓಟಿಪಿ ಯಾರ ಫೋನಿಗೆ ಬರತೈತಿ?”

“ನನ್ನ ಫೋನಿಗೆ. ಗಂಡ ಅಲ್ಲೇನ್ರಿ ನಾ?”

“ಈ ಹೌಸಾಬಾಯೀದು?”

ವೈಭವನ ಬ್ಲೇಡು ನಿಂತಿತು. ಮುದುಕಿಯ ಬಾಯಿ ಜಗಿಯುವುದೂ ನಿಂತಿತು. ಊರಿನಲ್ಲಿ ಮೊಬೈಲ್ ಇಲ್ಲದ ಮುದುಕರಿಗೆಲ್ಲ ವೈಭವ ತನ್ನ ನಂಬರೇ ಹಾಕುತ್ತಿದ್ದ. ಕೆಲಸ ಬೇಗ ಆಗುತ್ತದೆ, ಪ್ರತಿ ಸಲ ಅವರ ಮನೆಗೆ ಓಡಬೇಕಿಲ್ಲ. ಇಂಥ ಅಂಗಡಿಗಳಲ್ಲಿ ಇದು ನಡೆಯುತ್ತಿದ್ದದ್ದೇ. ಯಾರೂ ಇದನ್ನು ಗುಟ್ಟು ಎಂದು ಇಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

“ನಂದು ಯಾರ ಫೋನಿಗೆ ಬರತೈತೋ ವೈಭವಾ?” ಎಂದಳು ಹೌಸಾಬಾಯಿ.

ಅವನು ನಕ್ಕು, ಅಜ್ಜಿ, ನಿನ್ನ ಹತ್ರ ಫೋನ್ ಎಲ್ಲೆ ಐತಿ ಎಂದ. ಮೊಮ್ಮಗನ ಹತ್ತಿರ ಇದೆಯಲ್ಲ ಎಂದಳು ಅವಳು. ರೈತ ತನ್ನ ಅಣ್ಣನದು ಯಾವ ನಂಬರಿನಲ್ಲಿದೆ ನೋಡು ಎಂದ. ಕಾಲೇಜಿನ ಹುಡುಗಿ ಏನೂ ಹೇಳದೆ, ಅವನ ಮೇಜಿನ ಮೇಲಿದ್ದ ತನ್ನ ಆಧಾರ್ ಕಾರ್ಡನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡಳು. ವೈಭವ ಒಬ್ಬೊಬ್ಬರಿಗೂ ಉತ್ತರ ಕೊಡತೊಡಗಿದ. ಎಲ್ಲ ಅವರ ಅನುಕೂಲಕ್ಕೇ ಮಾಡಿದ್ದು, ಇಂದಿಗೂ ಒಂದು ರೂಪಾಯಿ ಆಚೀಚೆ ಆಗಿದೆಯೇ ಎಂದ. ದುಡ್ಡಿನ ಮಾತು ಯಾರೂ ಎತ್ತಿರಲಿಲ್ಲ. ಅವನೇ ಎತ್ತಿದ.

“ಹೆಂಡತಿ ಕಾಗದಾನೇ ಕೊಡವಲ್ಲ, ನಮ್ಮದು ಕೊಡ್ತಾನೇನ?” ಎಂದಳು ಹೌಸಾಬಾಯಿ, ರೈತನ ಕಡೆ ತಿರುಗಿ. ಎಲೆಯಡಿಕೆಯನ್ನು ಬಾಗಿಲ ಹೊರಗೆ ಉಗಿದು ಬಂದು ಮತ್ತೆ ಸ್ಟೂಲಿನ ಮೇಲೆ ಗಟ್ಟಿಯಾಗಿ ಕುಳಿತಳು. “ನಂದ ತಿದ್ದಿ ಕೊಡುತನ ನಾ ಏಳೂದಿಲ್ಲ.”

ವೈಭವನ ಮುಖದ ಬೆಲ್ಲ ಆಗ ಮೊದಲ ಸಲ ಕರಗಿತು. ಅತ್ತೆಯ ಹತ್ತಿರ ಬಂದು ಹಲ್ಲು ಕಚ್ಚಿ, “ಎಷ್ಟ ಮಂದಿ ಮುಂದ ಮಾನಾ ಕಳೀತೀರಿ? ಏನ ಬೇಕಾಗೈತಿ ನಿಮಗ?” ಎಂದ.

“ಎರಡು ಕಾಗದ,” ಎಂದಳು ಮಂದಾಕಿನಿ.

ಅವನು ಹುಡುಕಬೇಕಾಗಲಿಲ್ಲ. ಬ್ಲೇಡಿನ ಕೆಳಗಿದ್ದ ನೀಲಿ ಪ್ಲಾಸ್ಟಿಕ್ ಫೈಲನ್ನೇ ಎಳೆದು ಕೊಟ್ಟ. ಅಷ್ಟು ದಿನ ಅದರ ಮೇಲೆಯೇ ಅವನು ಊರಿನವರ ಫೋಟೊ ಕತ್ತರಿಸುತ್ತಿದ್ದ. ಫೈಲಿನ ತುಂಬ ಬ್ಲೇಡಿನ ಗೀರು, ಒಂದರ ಮೇಲೊಂದು. ಕೆಲವು ಒಳಗೂ ಇಳಿದಿದ್ದವು. ಹತ್ತನೆಯ ತರಗತಿಯ ಅಂಕಪಟ್ಟಿಯ ಮೂಲೆಯಲ್ಲಿ ಒಂದು ಉದ್ದ ಸೀಳು. ಅಂಕಗಳಿಗೆ, ಹೆಸರಿಗೆ ತಾಗಿರಲಿಲ್ಲ. ಮಂದಾಕಿನಿ ಅದನ್ನು ನೋಡಿದಳು, ಅವನನ್ನು ನೋಡಲಿಲ್ಲ. ಬೈಗುಳವೊಂದು ಬಾಯಿಗೆ ಬಂತು. ಬೈದರೂ ಅವನೊಂದಿಗೆ ಮಾತಾಡಿದಂತೆ ಆಗುತ್ತದೆ ಎಂದು ನುಂಗಿಕೊಂಡಳು. ಫೈಲನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು, ಎರಡು ಕಾಗದವನ್ನಷ್ಟೇ ಸೆರಗಿನ ಒಳಗೆ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು.

ಶನಿವಾರ ಪ್ರಿನ್ಸಿಪಾಲರು ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಈ ಸೀಳು ಏನು ಎಂದು ಕೇಳಿದರು. ಮನೆಯಲ್ಲಿ ಆಯಿತು ಎಂದಳು ಸ್ನೇಹಲ. ರಾಜ್ಯಪತ್ರದ ಪ್ರತಿಯಲ್ಲಿ ಹಳೆಯ ಹೆಸರಿನ ಪಕ್ಕದಲ್ಲಿ ಹೊಸ ಹೆಸರು ಇತ್ತು. ಎರಡನ್ನೂ ಹೋಲಿಸಿ, ಪರೀಕ್ಷೆಯ ಸೀಟ್ ನಂಬರನ್ನು ಮಂಡಳಿಯ ಫಲಿತಾಂಶದೊಂದಿಗೆ ತಾಳೆ ನೋಡಿಸಿ ಸಹಿ ಮಾಡಿದರು. ಗುಮಾಸ್ತೆ ರಿಜಿಸ್ಟರಿನಲ್ಲಿ ಆಧಾರಿನ ಪ್ರಕಾರ ‘ವೈದೇಹಿ ವೈಭವ ಚೌಗುಲೆ’ ಎಂದೇ ಬರೆದಳು, ಹಾಗೆಯೇ ಬರೆಯಬೇಕು. ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲೂ ಅದೇ ಬರುತ್ತದೆ. ಮಂದಾಕಿನಿ ರಿಜಿಸ್ಟರಿನತ್ತ ಕೈ ಚಾಚಿದಳು. ಮಗಳು ಅವಳ ಕೈ ಹಿಡಿದು, “ಇರ್ಲಿ ಬಿಡ ಆಯಿ. ಮೊದಲ ಒಳಗ ಹೋಗ್ತೇನಿ,” ಎಂದಳು.

ಸೋಮವಾರ ಸ್ನೇಹಲ ಆಧಾರ್ ಕೇಂದ್ರಕ್ಕೆ ಹೋದಳು. ಮೊಬೈಲ್ ನಂಬರು ಬದಲಿಸಲು ಗಂಡನ ಒಪ್ಪಿಗೆ ಬೇಕಿರಲಿಲ್ಲ, ಹಳೆಯ ನಂಬರೂ ಬೇಕಿರಲಿಲ್ಲ. ಅವಳ ಬೆರಳಚ್ಚು ಸಾಕಾಯಿತು. ಕೆಲವು ದಿನಗಳಲ್ಲಿ ಓಟಿಪಿ ಅವಳ ಫೋನಿಗೇ ಬರತೊಡಗಿತು. ಲಾಕರಿನ ಪಿನ್ ಬದಲಿಸಿದಳು. ಏನು ಇಟ್ಟಳೆಂದು ತಾಯಿಗೂ ಹೇಳಲಿಲ್ಲ, ತಾಯಿ ಕೇಳಲೂ ಇಲ್ಲ.

ತರಗತಿ ಶುರುವಾದ ದಿನ ವೈಭವ ಕರೆಯದೆಯೇ ಬಂದ. ಬಿಳಿ ಅಂಗಿ, ಕೈಯಲ್ಲಿ ಪೇಢೆಯ ಪೊಟ್ಟಣ. ಶಾಲೆಯ ಬೋರ್ಡಿನ ಕೆಳಗೆ ಹೆಂಡತಿಯನ್ನು ನಿಲ್ಲಿಸಿ, ಅವಳ ಹೆಗಲ ಮೇಲೆ ಕೈ ಇಟ್ಟು ಫೋಟೊ ತೆಗೆಸಿಕೊಂಡ. ಅವಳು ಕ್ಯಾಮೆರಾ ನೋಡಲಿಲ್ಲ, ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿತ್ತು: ಮದುವೆಯ ದಿನ ಕೊಟ್ಟ ಮಾತು ಉಳಿಸಿಕೊಂಡೆ ಎಂದು ಬರೆದು, ಕೈ ಮುಗಿಯುವ ಮೂರು ಚಿತ್ರ ಹಾಕಿದ್ದ. ವಾರ್ಡಿನ ಹಿರಿಯ ಸಿಸ್ಟರ್ ಒಬ್ಬಳು ಅವನ ಊರಿನವಳು. ಬೆಡ್‌ಪ್ಯಾನ್ ತೊಳೆಯುತ್ತಿದ್ದ ಮಂದಾಕಿನಿಗೆ ಅದನ್ನು ತೋರಿಸಿ ಹೇಳಿದಳು: “ಮಾವಶಿ, ಇಂಥ ಅಳಿಯ ಸಿಗಬೇಕಂದ್ರ ಏಳ ಜನ್ಮದ ಪುಣ್ಯಾ ಬೇಕ ನೋಡ್ರಿ. ಹೇಳಿದ್ದನ್ನ ಮಾಡಿ ತೋರಿಸಿದ.”

ಮಂದಾಕಿನಿ ಫೋನಿನ ಪರದೆಯನ್ನು ನೋಡಿದಳು. ನಲ್ಲಿಯನ್ನು ಇನ್ನಷ್ಟು ತಿರುವಿದಳು. ಪಾತ್ರೆ ತೊಳೆದು ಮುಗಿಸಿದಳು.

ಮಗಳು ನರ್ಸಿಂಗ್ ಸೇರಿದ್ದಳು. ವೈಭವ ಮಾತು ಉಳಿಸಿಕೊಂಡಿರಲಿಲ್ಲ.